ತೇಪೆ ಹಾಕಿದ ಜಾಗ ಮಸುಕಾಗದಂತೆ ಇನ್‌ಪೇಂಟ್ ಮಾಡುವುದು ಹೇಗೆ?

ಮಾಟುಂಗದ ಒಂದು ಮದುವೆಯ ಗುಂಪು ಫೋಟೊ ಎಂದಿಟ್ಟುಕೊಳ್ಳಿ. ಹಿಂದೆ ಕರಿಕಲ್ಲಿನ ಗೋಡೆ, ಗೋಡೆಯ ಮೇಲೆ ಚುನಾವಣೆಯ ಬ್ಯಾನರ್. ಆ ಬ್ಯಾನರ್ ಅಳಿಸಿ, ಅದರ ಜಾಗದಲ್ಲಿ ಎಐಯಿಂದ ಕಲ್ಲಿನ ಗೋಡೆ ಬರೆಸಬೇಕು; ಇದೇ ಇನ್‌ಪೇಂಟ್. ಫೋಟೊ 6000×4000 ಪಿಕ್ಸೆಲ್, ಬ್ಯಾನರ್ 1500×700. ಇಡೀ ಫೋಟೊವನ್ನು ಚಿತ್ರ ಬರೆಯುವ ಎಐ ಮಾದರಿಯಾದ ಎಸ್‌ಡಿಎಕ್ಸ್‌ಎಲ್‌ಗೆ ಕೊಟ್ಟರೆ ಅದು 1024 ಅಗಲಕ್ಕೆ ಕುಗ್ಗುತ್ತದೆ. ಆಗ ಬ್ಯಾನರ್ ಉಳಿಯುವುದು ಬರೀ 256 ಪಿಕ್ಸೆಲ್. ಅಷ್ಟರಲ್ಲಿ ಬರೆದ ಕಲ್ಲನ್ನು ಸುಮಾರು ಆರು ಪಟ್ಟು ಹಿಗ್ಗಿಸಿದರೆ ಮಸುಕಾಗದೆ ಇನ್ನೇನಾಗುತ್ತದೆ? ಅಳಿಸಬೇಕಾದ ಜಾಗಕ್ಕೆ ಮಾಸ್ಕ್ ಬಳಿದು, ಆ ಭಾಗವನ್ನಷ್ಟೇ ಕತ್ತರಿಸಿ ಮಾದರಿಗೆ ಕೊಡುವ Only masked ಆಯ್ಕೆ ಒತ್ತಿದರೆ ಸಾಕು ಎನ್ನುವವರಿದ್ದಾರೆ. ಮಾಸ್ಕೇ 1024 ಮೀರಿದ್ದರೆ ಅಲ್ಲೂ ಕುಗ್ಗಿಸುವಿಕೆ ತಪ್ಪದು.

ಮೊದಲು ಕರಡು. ಬ್ಯಾನರ್ ಸುತ್ತಲಿನ 2048×2048 ಭಾಗವನ್ನು ಕತ್ತರಿಸಿ, ಅರ್ಧಕ್ಕಿಳಿಸಿ, ಇನ್‌ಪೇಂಟ್ ಮಾಡಿ, ಮತ್ತೆ ಎರಡು ಪಟ್ಟು ಮಾಡಿ ಅದೇ ಜಾಗಕ್ಕೆ ಅಂಟಿಸಿ. ಮಸುಕಾಗಿಯೇ ಇರುತ್ತದೆ, ಇರಲಿ. ಕಲ್ಲಿನ ಸಾಲುಗಳು ನೇರ ಬಂದಿದ್ದರೆ ಸಾಕು.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಈಗ ಕರಡಿನ ಮೇಲೆ, ಕುಗ್ಗಿಸದೆ, 1024ರ ಎರಡು ತುಂಡುಗಳನ್ನು ಪಕ್ಕಪಕ್ಕ ಇಡಿ, ನಡುವೆ 256 ಪಿಕ್ಸೆಲ್ ಒಂದರ ಮೇಲೊಂದು ಬರಲಿ. ಒಟ್ಟು ಅಗಲ 1792, ಬ್ಯಾನರ್‌ನ ಎರಡೂ ಬದಿಗೆ 146 ಪಿಕ್ಸೆಲ್ ಅಸಲಿ ಗೋಡೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಮೊದಲ ತುಂಡಿನಲ್ಲಿ ಆ 256ರ ಪಟ್ಟಿಯ ನಡುವಿನವರೆಗೆ ಮಾತ್ರ ಮಾಸ್ಕ್ ಬಳಿದು ಮುಗಿಸಿ, ಫೋಟೊಗೆ ಅಂಟಿಸಿ, ಆಮೇಲೆ ಎರಡನೆಯದನ್ನು ಕತ್ತರಿಸಿ. ಆಗ ಅದು ಮುಗಿದ ಕಲ್ಲುಗಳನ್ನು ನೋಡಿಕೊಂಡೇ ಮುಂದಿನದನ್ನು ಬರೆಯುತ್ತದೆ. ಇರುವುದನ್ನು ಎಷ್ಟು ಬದಲಿಸಬೇಕೆಂದು ಹೇಳುವ Denoising strength ಅನ್ನು ಈ ಹಂತದಲ್ಲಿ 0.4 ಇಡಿ. 0.6 ದಾಟಿದರೆ ಪ್ರತಿ ತುಂಡೂ ತನ್ನದೇ ಗೋಡೆ ಕಟ್ಟುತ್ತದೆ, 0.3ಕ್ಕಿಂತ ಇಳಿದರೆ ಕರಡಿನ ಮಸುಕು ಹಾಗೇ ಉಳಿಯುತ್ತದೆ.

ಅಂಟಿಸುವಾಗ ಮಾಸ್ಕ್‌ನ ಒಳಗಿನದನ್ನಷ್ಟೇ ತೆಗೆದುಕೊಳ್ಳಿ. ಮಾದರಿಯ ಒಳಗೆ ಹೋಗಿ ಬಂದ ಅಸಲಿ ಗೋಡೆಯೂ ಸ್ವಲ್ಪ ಸವೆದಿರುತ್ತದೆ. ಅಂಚನ್ನು ಮೆಲ್ಲಗೆ ಬೆರೆಸುವ ಫೆದರ್ 8ರಿಂದ 16 ಪಿಕ್ಸೆಲ್ ಸಾಕು. ನೂರು ಪಿಕ್ಸೆಲ್ ಫೆದರ್ ಕೊಟ್ಟರೆ ಎರಡು ಬೇರೆ ಬೇರೆ ಕಾಳುಗಳು, ಅಂದರೆ ನಾಯ್ಸ್, ಬೆರೆತು, ನಟ್ಟನಡುವೆ ಕಾಳಿನ ಬಲ ಸುಮಾರು 70 ಪ್ರತಿಶತಕ್ಕೆ ಇಳಿಯುತ್ತದೆ. ಗೋಡೆಯ ಮೇಲೆ ನುಣುಪಾದ ಪಟ್ಟಿಯೊಂದು ಎದ್ದು ಕಾಣುತ್ತದೆ. ಸೇರುವ ಗೆರೆಯನ್ನು ಕಲ್ಲಿನ ಸಂದಿಯ ಗುಂಟ ಒಯ್ದರೆ ಇನ್ನೂ ಒಳ್ಳೆಯದು.

ಕೊನೆಗೆ ಈ ಕಾಳು. ಶಾರ್ಪನ್ ಮುಟ್ಟಲೇಬೇಡಿ, ಅದು ಕಲ್ಲಿನ ಅಂಚಿಗೆ ಬಿಳಿ ಗೆರೆ ಬರೆಯುತ್ತದೆ. ಒಂದೇ ಬಣ್ಣದ ನುಣುಪು ಜಾಗವನ್ನು ಅಸಲಿಯಲ್ಲೂ ತೇಪೆಯಲ್ಲೂ ಆಯ್ದು, ಹಿಸ್ಟೋಗ್ರಾಂನಲ್ಲಿ Std Dev ನೋಡಿ, ಅದೇ ಕಾಳಿನ ಅಳತೆ. ಅಸಲಿ 6, ತೇಪೆ 2 ಇದ್ದರೆ ಸೇರಿಸಬೇಕಾದದ್ದು 4 ಅಲ್ಲ; 36ರಿಂದ 4 ಕಳೆದು ವರ್ಗಮೂಲ ತೆಗೆದರೆ ಸಿಗುವ 5.7. ಕಾಳನ್ನು ಬೇರೆ ಲೇಯರ್‌ನಲ್ಲಿಟ್ಟು ಅರ್ಧ ಪಿಕ್ಸೆಲ್ ಬ್ಲರ್ ಮಾಡಿ, ಕ್ಯಾಮೆರಾದ ಕಾಳು ಅಷ್ಟು ಚೂಪಾಗಿರುವುದಿಲ್ಲ. ಬ್ಲರ್‌ನಿಂದ ಅಳತೆ ಇಳಿಯುವುದರಿಂದ ಮತ್ತೆ ನೋಡಿ, ಬೇಕಾದಷ್ಟು ಏರಿಸಿ. ಪರೀಕ್ಷೆ 100% ಜೂಮ್‌ನಲ್ಲೇ ಆಗಲಿ. ಪರದೆಗೆ ಹೊಂದಿಸಿ ನೋಡಿದರೆ ಎಂಥ ತೇಪೆಯೂ ಚೆನ್ನಾಗೇ ಕಾಣುತ್ತದೆ.