‘ಪುಟ’ ಬಿಟ್ಟು ‘ಓಲಿಮಾ’ಗೆ ಬಂದಿದ್ದು: ನನ್ನ ನೋಟ್‌ಬುಕ್‌ಗಳಿಗೆ ಹೆಸರು ಹುಡುಕಿದ ಕಥೆ

ಕೈಯಲ್ಲಿ ಹೊಲಿದು ನೋಟ್‌ಬುಕ್ ಮಾಡಿ ಮಾರುವುದು ನನ್ನ ಕೆಲಸ. ಅದಕ್ಕೆ ನಾನು ಮೊದಲು ಆರಿಸಿದ್ದ ಹೆಸರು ‘ಪುಟ’. ಎರಡೇ ಅಕ್ಷರ, ಕೆಲಸಕ್ಕೂ ಹೊಂದುತ್ತದೆ. ಲೋಗೋ ಕೂಡ ಬಿಡಿಸಿಟ್ಟಿದ್ದೆ. ಆನ್‌ಲೈನ್‌ನಲ್ಲಿ ಮಾರಬೇಕಲ್ವಾ ಅಂತ ಅದನ್ನು Puta ಎಂದು ಬರೆದು ಸ್ನೇಹಿತೆಗೆ ಕಳಿಸಿದೆ. ಅವಳು ಸ್ಪ್ಯಾನಿಷ್ ಕಲಿತವಳು. ತಕ್ಷಣ ಫೋನ್ ಮಾಡಿದಳು. ‘ಇದನ್ನ ಎಲ್ಲೂ ಹಾಕಬೇಡ ಮಾರಾಯ್ತಿ, ಸ್ಪ್ಯಾನಿಷ್‌ನಲ್ಲಿ ಇದು ಹೆಂಗಸರಿಗೆ ಬಯ್ಯೋ ಕೆಟ್ಟ ಮಾತು’ ಅಂದಳು. ವೇಶ್ಯೆ ಎಂಬುದನ್ನು ಒರಟಾಗಿ ಹೇಳುವ ಪದ ಅದು. ಪೋರ್ಚುಗೀಸ್‌ನಲ್ಲೂ ಅದೇ ಅರ್ಥ.

ಲೋಗೋ ಪಕ್ಕಕ್ಕಿಟ್ಟು ‘ಹಾಳೆ’ ಅಂತ ಯೋಚಿಸಿದೆ. ಬರೆದರೆ Hale. ಇದನ್ನು ಬೇರೆಯವರಿಗೆ ಓದಲು ಕೊಟ್ಟಾಗಲೇ ಸಮಸ್ಯೆ ಎಲ್ಲಿದೆ ಅಂತ ನನಗೆ ಅರ್ಥವಾಗಿದ್ದು. ಕನ್ನಡ ಬಲ್ಲ ಒಬ್ಬರು ‘ಹಳೆ’ ಅಂದರು. ಹೊಸ ನೋಟ್‌ಬುಕ್ಕಿಗೆ ‘ಹಳೆ’ ಅನ್ನುವ ಹೆಸರು! ಹಿಂದಿಯವರೊಬ್ಬರು ‘ಹಾಲೆ’ ಅಂದರು, ಅವರ ಬಾಯಲ್ಲಿ ಳಕಾರ ಇಲ್ಲ. ಇಂಗ್ಲಿಷ್ ರೂಢಿಯವರು ‘ಹೇಲ್’ ಎಂದು ಓದಿದರು. ಇಂಗ್ಲಿಷ್‌ನಲ್ಲಿ ಅದಕ್ಕೆ ಆರೋಗ್ಯವಂತ ಎಂಬ ಒಳ್ಳೆಯ ಅರ್ಥವೇ ಇದೆ. ಆದರೆ ಕನ್ನಡದ ಕಿವಿಗೆ ಅದು ಏನಾಗಿ ಕೇಳಿಸುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕನ್ನಡ ಲಿಪಿಯಲ್ಲಿ ಅ ಬೇರೆ, ಆ ಬೇರೆ. ಲ ಬೇರೆ, ಳ ಬೇರೆ. ಎ ಬೇರೆ, ಏ ಬೇರೆ. ಇಂಗ್ಲಿಷ್ ಅಕ್ಷರಕ್ಕೆ ತಂದ ಕೂಡಲೇ ಈ ವ್ಯತ್ಯಾಸಗಳು ಅಳಿಸಿಹೋಗುತ್ತವೆ. ಓದುವವರು ತಮ್ಮ ಭಾಷೆಯ ರೂಢಿಯಂತೆ ಅದನ್ನು ತುಂಬಿಕೊಳ್ಳುತ್ತಾರೆ. ಹಾಗಾಗಿ ನಾನು ಇಟ್ಟ ಹೆಸರು ಒಂದೇ ಆದರೂ, ಜನರ ಬಾಯಲ್ಲಿ ಅದು ನಾಲ್ಕೈದು ಹೆಸರಾಗುತ್ತದೆ. ಆ ನಾಲ್ಕೈದನ್ನೂ ಪರೀಕ್ಷಿಸಬೇಕು. ಆಮೇಲೆ ನಾನು ಮಾಡಿದ್ದೆಲ್ಲ ಇದೇ ಕೆಲಸ.

ಇದ್ದ ಪದ ಬಿಟ್ಟು ಹೊಸದನ್ನೇ ಕಟ್ಟೋಣ ಅಂದುಕೊಂಡೆ. ಮೊದಲು ಯಾವ ಧ್ವನಿಗಳು ಬೇಡ ಅಂತ ನಿರ್ಧರಿಸಿದೆ. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಜೋಡಿಗಳಿಗೆ ಒಂದೊಂದೇ ಅಕ್ಷರ. ಬಂಗಾಳಿಯವರ ಬಾಯಲ್ಲಿ ವ ಬಹಳ ಸಲ ಬ ಆಗುತ್ತದೆ. ತ ಮತ್ತು ಟ ಎರಡನ್ನೂ ಇಂಗ್ಲಿಷ್‌ನಲ್ಲಿ t ಎಂದೇ ಬರೆಯುತ್ತೇವೆ. ಮಹಾಪ್ರಾಣ, ಒತ್ತಕ್ಷರ, ಳ, ಣ ಎಲ್ಲವೂ ತೊಂದರೆಯೇ. ಉಳಿದದ್ದು ಮ, ನ, ಲ, ರ, ಸ. ಇವು ಹೆಚ್ಚಿನವರ ಬಾಯಲ್ಲಿ ಸಲೀಸಾಗಿ ಬರುತ್ತವೆ. ಜಪಾನಿಯಲ್ಲಿ ಲ, ರ ಎರಡೂ ಒಂದೇ ಆಗುತ್ತವೆ, ಅದನ್ನು ನೆನಪಿಟ್ಟುಕೊಂಡೆ. ಹೆಸರಿನ ಕೊನೆಯಲ್ಲಿ ವ್ಯಂಜನ ಬೇಡ, ಸ್ವರವೇ ಇರಲಿ ಎಂದೂ ಗೊತ್ತುಮಾಡಿಕೊಂಡೆ.

ಪತ್ರಕ್ಕೆ ನಮ್ಮಲ್ಲಿ ‘ಓಲೆ’ ಅನ್ನುವ ಹಳೆಯ ಪದ ಇದೆ. ನನಗೆ ತುಂಬಾ ಇಷ್ಟ. ಆದರೆ Ole ಎಂದು ಬರೆದರೆ ಸ್ಪ್ಯಾನಿಷ್‌ನವರ ಹುರಿದುಂಬಿಸುವ ಕೂಗು ನೆನಪಾಗುತ್ತದೆ, ಇಂಗ್ಲಿಷ್‌ನವರು ‘ಓಲ್’ ಅಂದರೂ ಅಂದಾರು. ಕೊನೆಯ ಎಕಾರವೇ ಎಲ್ಲ ಗೊಂದಲಕ್ಕೆ ಕಾರಣ. ಅದನ್ನು ಇಕಾರ ಮಾಡಿ ಮುಂದೆ ಒಂದು ಅಕ್ಷರ ಸೇರಿಸುತ್ತಾ ಹೋದೆ. ಓಲಿನಾ, ಓಲಿರಾ, ಓಲಿಸಾ, ಓಲಿಮಾ. ಗಟ್ಟಿಯಾಗಿ ಹೇಳಿಕೊಂಡು ನೋಡಿದಾಗ ‘ಓಲಿಮಾ’ ನಾಲಿಗೆಗೆ ಹಿತ ಅನ್ನಿಸಿತು. ತುಟಿ ಮುಚ್ಚಿ ತೆರೆದುಕೊಂಡು ಮುಗಿಯುವ ಹೆಸರು.

ಇನ್ನು ಅರ್ಥ ನೋಡುವುದು. ವಿಕ್ಷನರಿಯ ಇಂಗ್ಲಿಷ್ ಆವೃತ್ತಿಯಲ್ಲಿ ಒಂದು ಪದ ಹುಡುಕಿದರೆ, ಅದೇ ಕಾಗುಣಿತ ಯಾವ ಯಾವ ಭಾಷೆಯಲ್ಲಿ ಏನು ಅಂತ ಒಂದೇ ಪುಟದಲ್ಲಿ ಬರುತ್ತದೆ. ಆರಂಭಕ್ಕೆ ಅದು ಒಳ್ಳೆಯದು. Olima ಮಾತ್ರ ಅಲ್ಲ, Oleema, Olimma, Orima, Holima ಎಲ್ಲವನ್ನೂ ಹುಡುಕಿದೆ. ಉಜ್ಬೆಕ್ ಭಾಷೆಯಲ್ಲಿ olima ಅಂದರೆ ವಿದ್ವಾಂಸೆ ಅಂತ ಗೊತ್ತಾಯಿತು. ನೋಟ್‌ಬುಕ್ಕಿಗೆ ಇದಕ್ಕಿಂತ ಇನ್ನೇನು ಬೇಕು ಅಂತ ಅವತ್ತಿಡೀ ಖುಷಿಯಾಗಿದ್ದೆ. ತಮಿಳಿನಲ್ಲಿ ‘ಒಲಿ’ ಅಂದರೆ ಸದ್ದು. ಅದೂ ಅಡ್ಡಿಯಿಲ್ಲ.

ಆದರೆ ನಿಘಂಟನ್ನು ಮಾತ್ರ ನಂಬಿ ಕೂರುವಂತಿಲ್ಲ. ಬೀದಿ ಮಾತು, ಬೈಗುಳ, ಗೆಳೆಯರ ನಡುವಿನ ಕೀಟಲೆ ಪದಗಳು ಅಲ್ಲಿ ಪೂರ್ತಿ ಸಿಗುವುದಿಲ್ಲ. ಆ ಭಾಷೆಯನ್ನು ಮನೆಯಲ್ಲಿ ಆಡುವವರನ್ನೇ ಕೇಳಬೇಕು. ಇಲ್ಲಿ ನಾನು ಮೊದಲು ತಪ್ಪು ಪ್ರಶ್ನೆ ಕೇಳಿದೆ. ‘ಹೆಸರು ಚೆನ್ನಾಗಿದೆಯಾ?’ ಅಂದರೆ ಎಲ್ಲರೂ ಸುಮ್ನೆ ಚೆನ್ನಾಗಿದೆ ಅಂದುಬಿಡುತ್ತಾರೆ. ಆಮೇಲೆ ಪ್ರಶ್ನೆ ಬದಲಾಯಿಸಿದೆ: ‘ಈ ಸದ್ದು ಕೇಳಿದ ತಕ್ಷಣ ಏನು ನೆನಪಾಗುತ್ತೆ? ಇದನ್ನ ಸ್ವಲ್ಪ ತಿರುಚಿ ಶಾಲೆ ಮಕ್ಕಳು ತಮಾಷೆ ಮಾಡೋದಾದ್ರೆ ಹೇಗೆ ಮಾಡ್ತಾರೆ?’ ಈ ಎರಡನೆಯದಕ್ಕೆ ನಿಜವಾದ ಉತ್ತರ ಬರುತ್ತದೆ. ‘ಸಾಲು’ ಎಂಬ ಹೆಸರನ್ನು ಹೀಗೇ ಕೈಬಿಟ್ಟಿದ್ದೆ. ಹಿಂದಿಯವರು ಕೇಳಿದ ಕೂಡಲೇ ನಕ್ಕು ‘ಸಾಲಾ’ ಅಂದರು. ಅದು ಭಾವಮೈದುನನೂ ಹೌದು, ಬೈಗುಳವೂ ಹೌದು.

ಎಲ್ಲ ಭಾಷೆಯನ್ನೂ ನೋಡಲು ಆಗುವುದಿಲ್ಲ. ಯಾವ ಭಾಷೆಯವರು ನಿಜವಾಗಿ ಕೊಳ್ಳಬಹುದೋ ಅವರನ್ನು ಕೇಳಿದೆ, ಜೊತೆಗೆ ಸ್ಪ್ಯಾನಿಷ್, ಅರೇಬಿಕ್‌ನಂಥ ಬಹಳ ಜನ ಆಡುವ ಭಾಷೆಗಳನ್ನು ಸೇರಿಸಿದೆ. ಇಷ್ಟು ಮಾಡಿದರೂ ಕಾಲ ಕೈಕೊಡಬಹುದು. ಟಾಟಾ ಮೋಟಾರ್ಸ್ ತನ್ನ ಹೊಸ ಕಾರಿಗೆ ‘ಜೀಕಾ’ ಅಂತ ಹೆಸರಿಟ್ಟಿತ್ತು. ಅದೇ ಹೊತ್ತಿಗೆ ಜೀಕಾ ವೈರಸ್ ಹರಡಿತು. 2016ರಲ್ಲಿ ಹೆಸರನ್ನು ‘ಟಿಯಾಗೊ’ ಎಂದು ಬದಲಾಯಿಸಿದರು.

ಉಚ್ಚಾರಣೆಯ ಪರೀಕ್ಷೆಗೆ ಇಪ್ಪತ್ತು ಜನರನ್ನು ಹಿಡಿದೆ. ಹತ್ತು ಜನರಿಗೆ ಚೀಟಿಯಲ್ಲಿ Olima ಎಂದು ಬರೆದುಕೊಟ್ಟು ಓದಿಸಿದೆ. ಉಳಿದ ಹತ್ತು ಜನರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ, ಬರೆದು ಕಳಿಸಿ ಅಂದೆ. ಎರಡು ಗುಂಪು ಬೇರೆಯೇ ಇರಬೇಕು. ಒಮ್ಮೆ ಕಣ್ಣಲ್ಲಿ ನೋಡಿದವರು ಕಾಗುಣಿತ ತಪ್ಪುವುದಿಲ್ಲ, ಆಗ ಪರೀಕ್ಷೆಗೆ ಅರ್ಥವಿಲ್ಲ. ಎರಡು ದಿನ ಬಿಟ್ಟು ಎಲ್ಲರಿಗೂ ಮತ್ತೆ ಕೇಳಿದೆ, ಆ ಹೆಸರು ನೆನಪಿದೆಯಾ ಅಂತ.

ಓದಿದವರಲ್ಲಿ ‘ಓಲಿಮಾ’, ‘ಒಲಿಮ’, ‘ಓಲೀಮ’ ಮೂರೂ ಬಂದವು. ನನಗೆ ಬೇಸರವಾಗಲಿಲ್ಲ. ಮೂರನ್ನೂ ಕೇಳಿದರೆ ಅದೇ ಹೆಸರು ಅಂತ ಗೊತ್ತಾಗುತ್ತದೆ, ಯಾವುದಕ್ಕೂ ಕೆಟ್ಟ ಅರ್ಥವಿಲ್ಲ. ‘ಹಾಳೆ’ಗೆ ಆದಂತೆ ಹೆಸರೇ ಬೇರೆಯಾಗಲಿಲ್ಲ. ಕೇಳಿ ಬರೆದವರಲ್ಲಿ ಏಳು ಜನ ಸರಿಯಾಗಿ ಬರೆದರು, ಮೂವರು Oleema ಅಂತ ಬರೆದರು. ಎರಡು ದಿನದ ಮೇಲೆ ಹೆಸರು ಮರೆತವರು ನಾಲ್ಕು ಜನ.

ಕೊನೆಯದು ಟ್ರೇಡ್‌ಮಾರ್ಕ್. ಟ್ರೇಡ್‌ಮಾರ್ಕ್‌ಗಾಗಿ ಸರಕು-ಸೇವೆಗಳನ್ನು ವಿಂಗಡಿಸುವ ನೀಸ್ ವರ್ಗೀಕರಣದಲ್ಲಿ ಒಟ್ಟು 45 ವರ್ಗಗಳಿವೆ, ನೋಟ್‌ಬುಕ್ ಬರುವುದು 16ರಲ್ಲಿ. ಕಾಗುಣಿತ ಬೇರೆ ಇದ್ದರೆ ಸಾಕು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಕಿವಿಗೆ ಒಂದೇ ಥರ ಕೇಳಿಸಿದರೂ ತಕರಾರು ಬರಬಹುದು. ಅದಕ್ಕೇ ಜನ ತಪ್ಪಾಗಿ ಬರೆದ ರೂಪಗಳನ್ನೂ ಹಾಕಿ ಹುಡುಕಿದೆ. ನನ್ನ ವರ್ಗದಲ್ಲಿ ಅಡ್ಡ ಬರುವಂಥದ್ದು ಕಾಣಲಿಲ್ಲ, ಅರ್ಜಿ ಹಾಕಿದೆ. ಆ ಮೂವರು ಬರೆದ ಕಾಗುಣಿತದ ವೆಬ್ ವಿಳಾಸವನ್ನೂ ಕೊಂಡು ನಮ್ಮ ತಾಣಕ್ಕೇ ತಿರುಗಿಸಿಟ್ಟಿದ್ದೇನೆ. ಈಗಲೂ ದಿನಕ್ಕೆ ಒಬ್ಬಿಬ್ಬರು ಅದನ್ನು ಟೈಪ್ ಮಾಡಿಯೇ ಬರುತ್ತಾರೆ.