ಕೊನೆಯ ಪಂಕ್ತಿಯಿಂದ ಎತ್ತಿಟ್ಟ ಚಿತ್ರಾನ್ನ

ದೂರು ಬಂದರೆ ಪರೀಕ್ಷೆ ಮಾಡಿಸಲೆಂದು, ಬಡಿಸಿದ ಊಟದ ಮಾದರಿಯನ್ನು ಎತ್ತಿಡಲು ಆರಂಭಿಸಿದಾಗ, ಶಿವಮೊಗ್ಗದ ನಮ್ಮ ಅಡುಗೆ ಕಾಂಟ್ರಾಕ್ಟರುಗಳಲ್ಲಿ ನಕ್ಕವರೇ ಹೆಚ್ಚು. ‘ನಿಮ್ಮ ವಿರುದ್ಧದ ಸಾಕ್ಷಿಯನ್ನು ನೀವೇ ಫ್ರಿಜ್ಜಿನಲ್ಲಿ ಕಾಪಾಡುತ್ತೀರಲ್ಲ ಭಟ್ರೇ’ ಎಂದು ಹಿರಿಯರೊಬ್ಬರು ಹಂಗಿಸಿದ್ದರು. ಆ ಫ್ರಿಜ್ಜು ಸೆಕೆಂಡ್ ಹ್ಯಾಂಡ್. ಎಂಟು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತ್ತು. ಕಳೆದ ವರ್ಷದ ಒಂದು ನಾಮಕರಣದ ಊಟದ ನಂತರ ಅವರು ಆ ಮಾತನ್ನು ಮತ್ತೆ ಆಡಿಲ್ಲ.

ಪದ್ಧತಿ ಕುದುರಲು ಸಮಯ ಹಿಡಿಯಿತು. ಸ್ಟೀಲ್ ಡಬ್ಬಗಳ ಮೇಲೆ ಅಂಟಿಸಿದ ಚೀಟಿಗಳು ತೇವಕ್ಕೆ ಕಿತ್ತುಬಂದವು. ಪ್ಲಾಸ್ಟಿಕ್ ಚೀಲಗಳಿಂದ ಸಾರು ಸೋರಿತು. ಫ್ರೀಜರಿನಲ್ಲಿಡುವುದನ್ನೂ ಬಿಟ್ಟೆ, ಏಕೆಂದರೆ ಹೆಪ್ಪುಗಟ್ಟಿಸಿದರೆ ಕೆಲವು ಬ್ಯಾಕ್ಟೀರಿಯಾಗಳು ಸತ್ತು, ಲ್ಯಾಬಿನ ವರದಿ ಇರುವುದಕ್ಕಿಂತ ಶುಭ್ರವಾಗಿ ಬರಬಹುದು. ಈಗ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದ ಗಾಜಿನ ಬಾಟಲಿಗಳಲ್ಲಿ, ಪ್ರತಿ ಪದಾರ್ಥದ ಇನ್ನೂರು ಗ್ರಾಂನಷ್ಟನ್ನು ಎರಡು ಪಾಲು ಮಾಡಿ, 4 ಡಿಗ್ರಿಯ ಆಸುಪಾಸಿನಲ್ಲಿ ಮೂರು ದಿನ ಇಡುತ್ತೇನೆ. ಮುಚ್ಚಳಕ್ಕೆ ಹಾಕುವ ಗುರುತಿನ ಬಗೆಯನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಮಾದರಿಯನ್ನು ಯಾವಾಗ ತೆಗೆಯುತ್ತೀರಿ ಎನ್ನುವುದರ ಮೇಲೆಯೇ ಎಲ್ಲವೂ ನಿಂತಿದೆ. ಬಹುತೇಕರು ಒಲೆಯಿಂದ ಇಳಿಸಿದ ಕೂಡಲೇ ತೆಗೆಯುತ್ತಾರೆ, ಆದರೆ ಕೊಪ್ಪರಿಗೆಯಲ್ಲಿ ಹೊಗೆಯಾಡುವ ಹುಳಿಗೂ ಕೊನೆಯ ಪಂಕ್ತಿಯ ಬಕೆಟ್ಟಿನಲ್ಲಿ ಉಳಿದ ಹುಳಿಗೂ ಬಹಳ ವ್ಯತ್ಯಾಸವಿದೆ. ಥರ್ಮಾಮೀಟರ್ ಇಟ್ಟು ನೋಡಿದ್ದೇನೆ: ಮುಚ್ಚಿದ ಕೊಪ್ಪರಿಗೆಯ ಅನ್ನದ ನಡುಭಾಗ ಮೂರು ಗಂಟೆಯ ಮೇಲೂ 60 ಡಿಗ್ರಿಗಿಂತ ಬಿಸಿಯಾಗಿತ್ತು, ಬಡಿಸುವ ಬಕೆಟ್ಟಿನ ಅನ್ನ ಮುಕ್ಕಾಲು ಗಂಟೆಯೊಳಗೆ ಅದಕ್ಕಿಂತ ಕೆಳಗಿಳಿಯಿತು. ಚಿತ್ರಾನ್ನದ ಕಥೆಯೇ ಬೇರೆ. ಒಗ್ಗರಣೆ ಕಲಸುವ ಮೊದಲೇ ಅನ್ನವನ್ನು ಹರಡಿ ಆರಿಸುವುದರಿಂದ, ಅದು ಬಡಿಸುವ ಹೊತ್ತಿಗೇ ಬ್ಯಾಕ್ಟೀರಿಯಾಗಳಿಗೆ ಹಿತವಾದ ಉಗುರುಬೆಚ್ಚಗಿರುತ್ತದೆ. ಹೀಗಾಗಿ ನನ್ನ ಮಾದರಿ ಕೊನೆಯ ಪಂಕ್ತಿಯ ಕೊನೆಯ ಬಕೆಟ್ಟಿನಿಂದಲೇ ಬರುತ್ತದೆ. ಅನ್ನ ಹರಡಿದ್ದು, ಕಲಸಿದ್ದು, ಕೊನೆಯದಾಗಿ ಬಡಿಸಿದ್ದು ಎಷ್ಟು ಗಂಟೆಗೆ, ಬಡಿಸಿದವರು ಯಾರು, ಯಾರ ಕೈಯಲ್ಲಿ ಗಾಯವಿತ್ತು ಎಂಬುದೆಲ್ಲ ಅದೇ ದಿನ ಪುಸ್ತಕಕ್ಕೆ ಏರುತ್ತದೆ.

ನಾಮಕರಣದ ಮರುದಿನ ಬೆಳಿಗ್ಗೆ ಯಜಮಾನರ ಫೋನು ಬಂತು. ‘ಭಟ್ರೇ, ನಿಮ್ಮ ಊಟ ಉಂಡು ಮನೆಮಂದಿಯೆಲ್ಲ ವಾಂತಿ ಮಾಡ್ಕೊಂಡಿದಾರೆ, ಬಾಕಿ ಒಂದು ಪೈಸೆ ಕೊಡಲ್ಲ’ ಎಂದರು. ಬಾಕಿ ನಲವತ್ತು ಸಾವಿರದಷ್ಟಿತ್ತು. ನಾನು ಹಣದ ಸುದ್ದಿ ಎತ್ತಲಿಲ್ಲ. ತಪ್ಪು ನನ್ನದೆಂದಾಗಲಿ, ಅಲ್ಲವೆಂದಾಗಲಿ ಹೇಳಲಿಲ್ಲ. ವಯಸ್ಸಾದವರನ್ನೂ ಮಕ್ಕಳನ್ನೂ ಮೊದಲು ವೈದ್ಯರಿಗೆ ತೋರಿಸಿ, ಓಆರ್‌ಎಸ್ ಕುಡಿಸುತ್ತಿರಿ ಎಂದೆ. ಊಟದ ಮಾದರಿ ನನ್ನಲ್ಲಿದೆ, ಒಂದು ಪಾಲನ್ನು ಇಂದೇ ಲ್ಯಾಬಿಗೆ ಕಳಿಸುತ್ತೇನೆ, ನೀವು ಆಹಾರ ಸುರಕ್ಷತಾಧಿಕಾರಿಗೆ ದೂರು ಕೊಟ್ಟರೆ ಇನ್ನೊಂದು ಪಾಲು ಅವರ ವಶಕ್ಕೆ ಸಿದ್ಧವಿದೆ ಎಂದೂ ತಿಳಿಸಿದೆ. ಅವರ ಧ್ವನಿ ಇಳಿದದ್ದು ಅಲ್ಲಿಯೇ.

ಸಂಜೆ ಅವರ ಮನೆಗೆ ಹೋಗಿ, ಯಾರು, ಯಾವಾಗ, ಏನೇನು ತಿಂದರು, ತೊಂದರೆ ಎಷ್ಟು ಗಂಟೆಗೆ ಶುರುವಾಯಿತು ಎಂದು ಬರೆದುಕೊಂಡೆ. ದೂರು ಕೊಡುವವರು ಕಾಯಿಲೆ ಬಿದ್ದವರ ಪಟ್ಟಿಯನ್ನಷ್ಟೇ ಕೊಡುತ್ತಾರೆ. ಅದೇ ಊಟ ಉಂಡು ಚೆನ್ನಾಗಿರುವವರನ್ನೂ ಕೇಳದಿದ್ದರೆ ಆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಮಧ್ಯಾಹ್ನ ಉಂಡವರು ಇನ್ನೂರೈವತ್ತರಷ್ಟು. ಅಲ್ಲಿಂದಲೇ ಊರಿಗೆ ಹೊರಟವರಲ್ಲಿ ಫೋನಿಗೆ ಸಿಕ್ಕವರಾರಿಗೂ ಏನೂ ಆಗಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಮನೆಯಲ್ಲಿ ಉಂಡ ಹದಿನೆಂಟು ಮಂದಿಯಲ್ಲಿ, ಮಧ್ಯಾಹ್ನ ಮೂರರಿಂದ ದೊಡ್ಡ ಡಬ್ಬದಲ್ಲಿ ಮುಚ್ಚಿಟ್ಟಿದ್ದ ಚಿತ್ರಾನ್ನವನ್ನು ಬಿಸಿ ಮಾಡಿ ತಿಂದವರು ಹದಿಮೂರು. ಅವರಲ್ಲಿ ಹನ್ನೊಂದು ಮಂದಿಗೆ ರಾತ್ರಿ ಹನ್ನೊಂದರಿಂದ ಎರಡರೊಳಗೆ ವಾಂತಿಯಾಗಿತ್ತು. ಉಪ್ಪಿಟ್ಟು ತಿಂದ ಐವರೂ ಆರಾಮಾಗಿದ್ದರು.

ಬೆಂದರೂ ಸಾಯದೆ ಅನ್ನದಲ್ಲಿ ಉಳಿಯುವ ಬ್ಯಾಸಿಲಸ್ ಸೀರಿಯಸ್‌ನ ಬೀಜಾಣುಗಳು ಹೀಗೆ ಬೆಚ್ಚಗೆ ಬಿದ್ದಿರುವ ಹೊತ್ತಿನಲ್ಲೇ ಚಿಗುರಿ ವಿಷ ಮಾಡುತ್ತವೆ; ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಬರುವುದು ಅದರ ಲಕ್ಷಣ. ಕೈಗಾಯದಿಂದ ಊಟಕ್ಕೆ ಸೇರಬಲ್ಲ ಸ್ಟ್ಯಾಫಿಲೊಕಾಕಸ್‌ನ ಲಕ್ಷಣವೂ ಹೆಚ್ಚುಕಡಿಮೆ ಅದೇ ಆದ್ದರಿಂದ, ಎಲ್ಲ ಪದಾರ್ಥ ಬಿಟ್ಟು ಚಿತ್ರಾನ್ನ ಮತ್ತು ಪಾಯಸವನ್ನಷ್ಟೇ, ಆ ಎರಡು ಬ್ಯಾಕ್ಟೀರಿಯಾಗಳಿಗಾಗಿ ಪರೀಕ್ಷೆ ಮಾಡಿಸಿದೆ. ಆರು ಸಾವಿರದ ಹತ್ತಿರ ಖರ್ಚಾಯಿತು. ವಾರದೊಳಗೆ ಬಂದ ವರದಿಯಲ್ಲಿ ಎರಡೂ ಸರಿಯಾಗಿದ್ದವು.

ಆ ವರದಿ ನಾನು ಬಡಿಸಿದ ಚಿತ್ರಾನ್ನದ ಬಗ್ಗೆ ಮಾತ್ರ ಹೇಳುತ್ತದೆ. ಅವರ ಡಬ್ಬದಲ್ಲಿದ್ದದ್ದನ್ನು ಆಗಲೇ ಚೆಲ್ಲಿದ್ದರಿಂದ ಕಾರಣ ಇದೇ ಎಂದು ಸಾಬೀತಾಗಲಿಲ್ಲ, ನಾನೂ ಹಾಗೆ ವಾದಿಸಲಿಲ್ಲ. ‘ನೀವೇ ಕೆಡಿಸಿದಿರಿ’ ಎಂದಿದ್ದರೆ ಬಾಕಿಯ ಜೊತೆಗೆ ಆ ಮನೆಯ ಮುಂದಿನ ಮದುವೆಯೂ ಕೈತಪ್ಪುತ್ತಿತ್ತು. ಗಂಟೆಗಳ ಪಟ್ಟಿಯನ್ನೂ ವರದಿಯನ್ನೂ ಎದುರಿಗಿಟ್ಟು ಸುಮ್ಮನೆ ಕುಳಿತೆ. ಯಜಮಾನರ ಅಕ್ಕನವರೇ ಅದನ್ನು ಓದಿ, ‘ಡಬ್ಬ ಅಲ್ಲೇ ಬಿಸಿಲು ಬೀಳೋ ಕಿಟಕಿ ಹತ್ರ ಇತ್ತಲ್ಲೋ’ ಎಂದರು. ಬಾಕಿ ಎರಡು ಕಂತಿನಲ್ಲಿ ಬಂತು.

ಈಗ ಉಳಿದ ಚಿತ್ರಾನ್ನವನ್ನು ಮನೆಗೆ ಕೊಡುವುದಿಲ್ಲ. ಬೇರೆ ಪದಾರ್ಥ ಕೇಳಿದರೆ, ಅಗಲವಾದ ತಟ್ಟೆಗಳಲ್ಲಿ ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಬೇಕೆಂದು ಹೇಳಿ, ಕೊಟ್ಟ ಗಂಟೆಯನ್ನು ಬರೆದು ಪುಸ್ತಕದಲ್ಲಿ ಸಹಿ ಪಡೆಯುತ್ತೇನೆ.