ಸಂಜೆ ತೆಗೆದ ಅಳತೆ

ನಾನು ಶಿಕ್ಷಕಿ. ಇಡೀ ದಿನ ನಿಂತೇ ಪಾಠ ಮಾಡುತ್ತೇನೆ. ಸಂಜೆಯಾದರೆ ಎಡಗಾಲು ಕಲ್ಲಿನಷ್ಟು ಭಾರವಾಗುತ್ತಿತ್ತು. ಮೀನಖಂಡದ ಮೇಲೆ ನೀಲಿ ನರಗಳು ಹುರಿ ಹುರಿಯಾಗಿ ಉಬ್ಬಿದ್ದವು. ನಾವು ನರ ಅಂತ ಕರೆಯುತ್ತೇವೆ, ಆದರೆ ಅವು ರಕ್ತನಾಳಗಳೇ. ಪಾದದ ಒಳಮಗ್ಗುಲಿನ ಗಿಣ್ಣಿನ ಮೇಲೆ ಚರ್ಮ ಕಂದು ಬಣ್ಣಕ್ಕೆ ತಿರುಗಿ ತುರಿಸಲು ಶುರುವಾದಾಗಲೇ ಡಾಕ್ಟರ ಹತ್ತಿರ ಹೋದದ್ದು.

ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುವಾಗ ನನ್ನನ್ನು ನಿಲ್ಲಿಸಿ, ಮೀನಖಂಡವನ್ನು ಹಿಂಡಿ ಬಿಟ್ಟರು. ಹಿಂಡಿದಾಗ ರಕ್ತ ಮೇಲಕ್ಕೆ ಹೋಯಿತು, ಬಿಟ್ಟಾಗ ಕೆಳಕ್ಕೆ ಜಾರಿತು. ರಕ್ತನಾಳದೊಳಗಿನ ಕವಾಟ ಸರಿಯಿದ್ದರೆ ಅದರ ಎರಡು ಎಸಳುಗಳು ಥಟ್ಟನೆ ಮುಚ್ಚಿಕೊಂಡು ರಕ್ತವನ್ನು ತಡೆಯುತ್ತವೆ. ನನ್ನ ರಕ್ತನಾಳ ಹಿಗ್ಗಿ, ಎಸಳುಗಳು ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ಕಾಲನ್ನು ಒತ್ತಿ ಹಿಡಿಯುವ ಬಿಗಿ ಸ್ಟಾಕಿಂಗ್ಸ್ ಬರೆದುಕೊಡುವ ಮೊದಲು ಡಾಕ್ಟರು ಪಾದದ ನಾಡಿಯನ್ನೂ ನೋಡಿದರು. ಕಾಲಿಗೆ ರಕ್ತ ತರುವ ನಾಳಗಳೇ ಕಟ್ಟಿಕೊಂಡಿದ್ದರೆ ಬಿಗಿ ಸ್ಟಾಕಿಂಗ್ಸ್ ಅಪಾಯ. ಅದಕ್ಕೇ ಸುಮ್ನೆ ನಾವೇ ಕೊಂಡು ಹಾಕಿಕೊಳ್ಳಬಾರದು.

ಮಂಡಿಯವರೆಗಿನ ಕಂಪ್ರೆಷನ್ ಸ್ಟಾಕಿಂಗ್ಸ್ ಬರೆದುಕೊಟ್ಟರು. ನಾನು ತಪ್ಪಿದ್ದು ಇಲ್ಲೇ. ಶಾಲೆ ಮುಗಿಸಿಕೊಂಡು ಹೋಗಿ ಸಂಜೆ ಅಳತೆ ಕೊಟ್ಟೆ. ಗಿಣ್ಣಿನ ಮೇಲೆ ಸುತ್ತಳತೆ 26 ಸೆಂಟಿಮೀಟರ್ ಬಂತು. ಅದು ಊದಿಕೊಂಡ ಕಾಲಿನ ಅಳತೆ, ನನ್ನ ಕಾಲಿನದ್ದಲ್ಲ! ಮಾರನೇ ದಿನ ಹಾಕಿಕೊಂಡರೆ ಗಿಣ್ಣಿನ ಹತ್ತಿರ ಸಡಿಲವಾಗಿ ಸುಕ್ಕುಗಟ್ಟಿತು. ಉದ್ದವೂ ಜಾಸ್ತಿ ಅಂತ ಮೇಲಿನ ಪಟ್ಟಿಯನ್ನು ಮಡಚಿದೆ. ಸಂಜೆ ಬಿಚ್ಚಿದಾಗ ಮಂಡಿಯ ಕೆಳಗೆ ಹಗ್ಗ ಕಟ್ಟಿದಂತೆ ಆಳವಾದ ಗುರುತು. ಪಾದ ಮೊದಲಿಗಿಂತ ಜಾಸ್ತಿ ಊದಿತ್ತು.

ಈ ಸ್ಟಾಕಿಂಗ್ಸ್ ಗಿಣ್ಣಿನಲ್ಲಿ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ ಬಿಗಿ ಇರಬೇಕು. ಆಗ ಹಿಗ್ಗಿದ ನಾಳ ಕಿರಿದಾಗುತ್ತದೆ, ರಕ್ತ ಕೆಳಗೆ ನಿಲ್ಲುವುದು ಕಡಿಮೆಯಾಗುತ್ತದೆ. ನಡೆಯುವಾಗ ಮೀನಖಂಡ ಹಿಂಡುವ ರಕ್ತ ಮೇಲಕ್ಕೆ ಚೆನ್ನಾಗಿ ಏರುತ್ತದೆ. ಪಟ್ಟಿ ಮಡಚಿ ನಾನು ಇದನ್ನೇ ತಲೆಕೆಳಗು ಮಾಡಿದ್ದೆ.

ಮತ್ತೆ ಅಳತೆ ಕೊಟ್ಟದ್ದು ಬೆಳಿಗ್ಗೆ, ಎದ್ದ ಕೂಡಲೇ. ಗಿಣ್ಣಿನ ಮೇಲೆ ಕಾಲು ತೀರಾ ಸಣ್ಣಗಿರುವ ಕಡೆ ಒಂದು, ಮೀನಖಂಡ ದಪ್ಪಗಿರುವ ಕಡೆ ಒಂದು, ನೆಲದಿಂದ ಮಂಡಿಯ ಮಡಿಕೆಯವರೆಗೆ ಉದ್ದ ಒಂದು. ಗಿಣ್ಣು ಈ ಸಲ 24. ಎರಡು ಸೆಂಟಿಮೀಟರ್ ಅಷ್ಟೇ ಅಲ್ವಾ ಅನ್ನಿಸಬಹುದು, ನನಗೆ ಸೈಜೇ ಬದಲಾಯಿತು.

ಹಾಕಿಕೊಳ್ಳುವುದಕ್ಕೂ ಒಂದು ರೀತಿ ಇದೆ. ಹಾಸಿಗೆಯಿಂದ ಎದ್ದು ಓಡಾಡುವ ಮೊದಲೇ ಹಾಕುತ್ತೇನೆ. ಹಿಮ್ಮಡಿಯ ಭಾಗದವರೆಗೆ ಒಳಮಗ್ಗುಲು ಹೊರಗೆ ಮಾಡಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ಬಿಡಿಸುತ್ತೇನೆ. ಪಟ್ಟಿ ಹಿಡಿದು ಎಳೆಯುವುದಿಲ್ಲ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿದರೆ ಬಟ್ಟೆ ಜಾರುವುದಿಲ್ಲ, ಸುಕ್ಕೂ ಸುಲಭವಾಗಿ ಹೋಗುತ್ತದೆ. ಕ್ರೀಮ್ ಹಚ್ಚುವುದು ರಾತ್ರಿ, ಬಿಚ್ಚಿದ ಮೇಲೆ. ಕಾಲ್ಬೆರಳು ಮರಗಟ್ಟಿದರೆ, ನೀಲಿಗಟ್ಟಿದರೆ ತಕ್ಷಣ ಬಿಚ್ಚಬೇಕು.

ಎರಡು ವಾರದಲ್ಲಿ ಸಂಜೆಯ ಭಾರ ಇಳಿಯಿತು. ಮೊಳಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದರೆ ಬೀಳುತ್ತಿದ್ದ ಗುಳಿ ಈಗ ಬೀಳುವುದಿಲ್ಲ. ಕವಾಟ ಮಾತ್ರ ಹಾಗೇ ಇದೆ, ಉಬ್ಬಿದ ನಾಳಗಳೂ ಇವೆ. ಒಂದು ದಿನ ಹಾಕದಿದ್ದರೆ ಸಂಜೆಗೆ ಊತ ವಾಪಸ್ಸು. ಸುಮಾರು ಆರು ತಿಂಗಳಿಗೆ ಎಲಾಸ್ಟಿಕ್ ಸೋತು, ಬೆಳಿಗ್ಗೆ ಹಾಕುವುದು ಸಲೀಸಾಗತೊಡಗಿತು. ಹೊಸ ಜೊತೆ ತರುವ ಮುಂಚೆ ಮತ್ತೆ ಬೆಳಿಗ್ಗೆಯೇ ಅಳತೆ ತೆಗೆಸಿದೆ.